ಟ್ಯೂಷನ್ ಸೆಂಟರ್ ಪೋಸ್ಟ್ ಬೂಸ್ಟ್ ಮಾಡಿದೆ. ಲೈಕ್ ಬಂತು, ಮಕ್ಕಳು ಬರಲಿಲ್ಲ. ಎರಡನೇ ಸಲ ಹೇಗೆ ಮಾಡಲಿ?

ಸಂಜೆಪಾಠ

ಮನೆಯ ಮಹಡಿ ಮೇಲೆ ಟ್ಯೂಷನ್ ನಡೆಸ್ತೀನಿ. 7ರಿಂದ 9ನೇ ತರಗತಿ, ಗಣಿತ ಮತ್ತು ವಿಜ್ಞಾನ. ಈಗ 28 ಮಕ್ಕಳಿದ್ದಾರೆ, ಇನ್ನೊಂದು ಬ್ಯಾಚಿಗೆ ಜಾಗ ಇದೆ. ಹತ್ತು ಮಕ್ಕಳು ಸಿಕ್ಕರೆ ಸಾಕು, ನಾಲ್ಕೈದು ಸಿಕ್ಕರೂ ಬ್ಯಾಚ್ ಶುರು ಮಾಡಬಹುದು.

ಹೋದ ತಿಂಗಳು ಫೇಸ್‌ಬುಕ್ ಪೇಜಿನಲ್ಲಿ ಒಂದು ಪೋಸ್ಟ್ ಹಾಕಿ, ಕೆಳಗಿದ್ದ Boost post ಒತ್ತಿದೆ. ಐದು ದಿನ ಓಡಿತು. ಖರ್ಚು ಎರಡು ಮಕ್ಕಳ ಒಂದು ತಿಂಗಳ ಫೀಸಿನಷ್ಟು. ಬಂದದ್ದು 412 ಲೈಕು. ವಿಚಾರಿಸಿದವರು ಇಬ್ಬರೇ. ಒಬ್ಬರಿಗೆ ನಮ್ಮಲ್ಲಿ ಪಾಠ ಹೇಳುವ ಕೆಲಸ ಬೇಕಿತ್ತು. ಇನ್ನೊಬ್ಬರ ಮನೆ ಊರಿನ ಆ ತುದಿಯಲ್ಲಿ, ಬಸ್ಸಿನಲ್ಲಿ ಬಂದರೂ ಒಂದು ಗಂಟೆ.

ಸೆಟ್ಟಿಂಗ್ ಹೀಗಿತ್ತು: ಜಾಗಕ್ಕೆ ಊರಿನ ಹೆಸರು, ವಯಸ್ಸು 18ರಿಂದ 65, ಆಸಕ್ತಿಯಲ್ಲಿ Education, ಗುರಿಯನ್ನು ಫೇಸ್‌ಬುಕ್ ತಾನೇ ಆರಿಸಿಕೊಂಡದ್ದು. ಇನ್ನೊಂದು ಸಲ ಪ್ರಯತ್ನ ಮಾಡೋಣ ಅಂತಿದ್ದೀನಿ. ಯಾರನ್ನು ಹಿಡಿಯಬೇಕು, ಹೇಗೆ ಹಿಡಿಯಬೇಕು, ತಿಳಿದವರು ಹೇಳಿ.

ರೀಚ್‌ರಾಜ

ಮೇಡಂ, ನಿಮ್ಮ ಟಾರ್ಗೆಟಿಂಗ್ ತುಂಬಾ ಸಡಿಲ ಆಗಿದೆ, ಅದೇ ತೊಂದರೆ. ಬಿಗಿ ಮಾಡಿ. Education ಜೊತೆಗೆ Mathematics ಹಾಕಿ, ಅದರ ಮೇಲೆ ತಂದೆತಾಯಿ ಅನ್ನೋ ಗುಂಪು ಹಾಕಿ, ಅದರ ಮೇಲೆ ಆನ್‌ಲೈನ್ ಖರೀದಿ ಮಾಡುವವರು ಅಂತ ಹಾಕಿ. ಎಲ್ಲವೂ ಇರುವವರಿಗೆ ಮಾತ್ರ ಕಾಣುವ ಹಾಗೆ ಮಾಡಿ. ನಾನು ಕೋರ್ಸ್ ಮಾಡಿದಾಗ ಹೇಳಿಕೊಟ್ಟದ್ದು ಇದನ್ನೇ. ಮತ್ತೆ ಚಿತ್ರದಲ್ಲಿ ಅಕ್ಷರ ಶೇ. 20 ದಾಟಬಾರದು, ದಾಟಿದರೆ ಯಾರಿಗೂ ತೋರಿಸಲ್ಲ.

ಗಲ್ಲಿಜಾಹೀರಾತು

ಸಡಿಲ ಆಗಿದೆ ಅನ್ನೋದು ನಿಜ. ಆದರೆ ಬಿಗಿ ಮಾಡಬೇಕಾದ ಜಾಗ ಅದಲ್ಲ, ರಾಜ. ಅಕ್ಷರದ ಆ ಶೇ. 20ರ ನಿಯಮವನ್ನೂ 2020ರಲ್ಲೇ ತೆಗೆದಿದ್ದಾರೆ. ಅಕ್ಷರ ಕಡಿಮೆ ಇದ್ದರೆ ಚಿತ್ರ ನೋಡೋಕೆ ಚೆನ್ನ, ಅಷ್ಟೇ.

ಮೇಡಂ, ಒಂದು ಕೆಲಸ ಮಾಡಿ. ಆ ಹಳೇ ಬೂಸ್ಟಿನ ಫಲಿತಾಂಶ ತೆರೆದು, ಯಾವ ವಯಸ್ಸಿನವರಿಗೆ ಎಷ್ಟು ತೋರಿಸಿದೆ ಅಂತ ಪಟ್ಟಿ ಇರುತ್ತೆ, ಅದನ್ನು ನೋಡಿ ಹೇಳಿ. ಆಮೇಲೆ ಮಾತಾಡೋಣ.

ಸಂಜೆಪಾಠ

ನೋಡಿದೆ. ನೂರಕ್ಕೆ 61 ಪಾಲು 18ರಿಂದ 24 ವಯಸ್ಸಿನವರು! 35ರಿಂದ 44ರವರು ಬರೀ 9. ನನ್ನಲ್ಲಿಗೆ ಬರುವ ಮಕ್ಕಳ ಅಪ್ಪ ಅಮ್ಮ ಇರೋದೇ ಆ 9ರಲ್ಲಿ.

ಗಲ್ಲಿಜಾಹೀರಾತು

ಹಾಗೇ ಇರುತ್ತೆ ಅಂದುಕೊಂಡೆ. ಗುರಿ ಏನು ಅಂತ ನೀವು ಹೇಳದೆ ಬಿಟ್ಟಿರಿ, ಅದು ಲೈಕ್ ಒತ್ತುವವರನ್ನು ಹುಡುಕಿಕೊಂಡು ಹೋಯಿತು. ಲೈಕ್ ಅಗ್ಗಕ್ಕೆ ಸಿಗೋದು ಕಾಲೇಜು ಹುಡುಗರ ಹತ್ತಿರ, ಅವರ ಬೆರಳು ಸುಮ್ಮನಿರಲ್ಲ. Education ಅನ್ನೋ ಆಸಕ್ತಿಯೂ ಅವರನ್ನೇ ಎಳೆಯಿತು. ಓದುತ್ತಿರುವವರು, ಕೆಲಸ ಹುಡುಕುತ್ತಿರುವ ಮೇಷ್ಟ್ರುಗಳು, ಇವರಿಗೇ ತಾನೇ ಶಿಕ್ಷಣದ ಪೇಜುಗಳಲ್ಲಿ ಆಸಕ್ತಿ? 8ನೇ ತರಗತಿ ಹುಡುಗನ ತಾಯಿ ಅಂಥ ಪೇಜು ನೋಡ್ತಾ ಕೂತಿರಲ್ಲ. ನಿಮಗೆ ಕೆಲಸ ಕೇಳಿ ಬಂದದ್ದು ಆಕಸ್ಮಿಕ ಅಲ್ಲ.

ಈಗ ಜಾಗದ ವಿಷಯ, ಇದೇ ಮುಖ್ಯ. ಟ್ಯೂಷನ್ ಅಂದರೆ ಮಗು ಸಂಜೆ ನಡೆದೋ ಸೈಕಲ್ಲಿನಲ್ಲೋ ಬರಬೇಕು. ಊರಿನ ಹೆಸರು ಹಾಕಿ ಸುತ್ತಲಿನ ದೂರ ಸೇರಿಸಿದರೆ ಅದು ಸುಮಾರು 17 ಕಿ.ಮೀ.ನಿಂದಲೇ ಶುರು. ಅದರ ಬದಲು ನಕ್ಷೆಯಲ್ಲಿ ಪಿನ್ ಚುಚ್ಚಿದರೆ ವೃತ್ತವನ್ನು ಒಂದು ಮೈಲಿ, ಅಂದರೆ 1.6 ಕಿ.ಮೀ. ತನಕ ಇಳಿಸಬಹುದು. ನೀವು ಗಣಿತದವರು, ಲೆಕ್ಕ ಹಾಕಿ ನೋಡಿ. 17 ಕಿ.ಮೀ. ತ್ರಿಜ್ಯದ ವೃತ್ತ 900 ಚದರ ಕಿ.ಮೀ. ದಾಟುತ್ತೆ, 1.6ರದ್ದು ಎಂಟೇ ಎಂಟು. ನೂರಕ್ಕೂ ಹೆಚ್ಚು ಪಟ್ಟು ದೊಡ್ಡ ಹೊಲಕ್ಕೆ ಒಂದೇ ಬೊಗಸೆ ನೀರು ಚೆಲ್ಲಿದ ಹಾಗಾಯಿತು.

ವೃತ್ತ ಇಷ್ಟು ಚಿಕ್ಕದಾದ ಮೇಲೆ ಆಸಕ್ತಿಗಳನ್ನು ಹೇರೋದು ಬೇಡ. ಒಳಗಿರುವವರೇ ಕೆಲವು ಸಾವಿರ ಜನ. ಅವರಲ್ಲಿ ಗಣಿತ ಇಷ್ಟಪಡುವವರು, ತಂದೆತಾಯಿ, ಖರೀದಿ ಮಾಡುವವರು ಅಂತ ಜರಡಿ ಮೇಲೆ ಜರಡಿ ಹಿಡಿದರೆ ಕೊನೆಗೆ ಉಳಿಯೋದು ಮುನ್ನೂರು ಜನ. ಅವರಿಗೇ ಹದಿನೈದು ಸಲ ತೋರಿಸಿ ಬೇಜಾರು ಮಾಡಿಸುತ್ತೆ. ಮಕ್ಕಳಿದ್ದಾರೆ ಅಂತ ಫೇಸ್‌ಬುಕ್‌ಗೆ ಗೊತ್ತಾಗದ ತಾಯಂದಿರು ಬೇಕಾದಷ್ಟು ಇದ್ದಾರೆ, ಅವರೆಲ್ಲ ಜರಡಿಯಿಂದ ಆಚೆ ಹೋಗ್ತಾರೆ.

ರೀಚ್‌ರಾಜ

ಹಾಗಾದರೆ ತಂದೆತಾಯಿಗಳನ್ನು ಹುಡುಕೋದು ಹೇಗೆ? ಸುಮ್ಮನೆ ಎಲ್ಲರಿಗೂ ತೋರಿಸೋದಾ?

ಗಲ್ಲಿಜಾಹೀರಾತು

ವಯಸ್ಸು ಹಾಕಿ, 32ರಿಂದ 50. ಆ ಮೂರು ತರಗತಿಯ ಮಕ್ಕಳ ಅಪ್ಪ ಅಮ್ಮ ಹೆಚ್ಚುಕಡಿಮೆ ಅದರೊಳಗೆ ಬರ್ತಾರೆ. ಉಳಿದ ಕೆಲಸ ಪೋಸ್ಟಿನ ಮೊದಲ ಸಾಲು ಮಾಡಬೇಕು. ಓದಿದವರು "ಇದು ನಮಗಲ್ಲ" ಅಂತ ಮುಂದೆ ಹೋಗಬೇಕು, ಇಲ್ಲಾ "ಅರೆ, ನಮ್ಮ ಮನೆ ಪಕ್ಕದಲ್ಲೇ" ಅಂತ ನಿಲ್ಲಬೇಕು.

ಒಂದು ಎಚ್ಚರಿಕೆ. Advantage+ audience ಅಂತ ಒಂದು ಆಯ್ಕೆ ಇರುತ್ತೆ. ಅದು ಆನ್ ಇದ್ದರೆ ನೀವು ಹಾಕಿದ ವಯಸ್ಸು ಬರೀ ಸಲಹೆ, ಅದನ್ನು ದಾಟಿಯೂ ತೋರಿಸುತ್ತೆ. ಜಾಗವನ್ನು ಮಾತ್ರ ದಾಟಲ್ಲ. ನಾನು ಚಿಕ್ಕ ವೃತ್ತಕ್ಕೆ ಅದನ್ನು ಆಫ್ ಮಾಡ್ತೀನಿ.

ಅಂಕಿಸಂಖ್ಯೆ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಗುರಿ ಮೆಸೇಜ್ ಅಂತ ಸರಿಯಾಗಿ ಇಟ್ಟರೆ ಯಾರು ಮೆಸೇಜ್ ಮಾಡ್ತಾರೆ ಅನ್ನೋದನ್ನು ಅದೇ ಕಲಿಯುತ್ತೆ. ಮೊಮ್ಮಗನಿಗೆ ಟ್ಯೂಷನ್ ಹುಡುಕುವ ಅಜ್ಜ ಇರ್ತಾರೆ, ಅಕ್ಕನ ಮಗನಿಗೆ ಹುಡುಕುವ ಇಪ್ಪತ್ತೆಂಟರ ಚಿಕ್ಕಮ್ಮ ಇರ್ತಾಳೆ. ಅವರನ್ನೆಲ್ಲ ಯಾಕೆ ಹೊರಗೆ ಹಾಕ್ತೀರಿ?

ಗಲ್ಲಿಜಾಹೀರಾತು

ಕಲಿಯೋಕೆ ಅದಕ್ಕೂ ಪಾಠ ಸಾಕಷ್ಟು ಆಗಬೇಕಲ್ಲ. ಒಂದು ವಾರದಲ್ಲಿ ಸುಮಾರು 50 ಫಲಿತಾಂಶ ಬಂದರೆ ಕಲಿಕೆಯ ಹಂತ ಮುಗಿಯುತ್ತೆ ಅಂತ ಮೆಟಾದವರೇ ಹೇಳೋದು. ಮೇಡಂ ಹಾಕುವ ದುಡ್ಡಿಗೆ ಹತ್ತು ದಿನಕ್ಕೆ 25 ಬಂದರೆ ದೊಡ್ಡದು. ಅಜ್ಜನ ಮಾತು ಮಾತ್ರ ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬಣ್ಣದಡಬ್ಬಿ

ನಾನು ಚಿತ್ರಕಲೆ ಕ್ಲಾಸ್ ನಡೆಸ್ತೀನಿ. ನನ್ನದೂ ಇದೇ ಕಥೆ, ಆದರೆ ತಲೆಕೆಳಗು. ನಾನು ಪಿನ್ ಚುಚ್ಚಿದ್ದೆ, ವೃತ್ತವೂ ಚಿಕ್ಕದೇ. ಆದರೂ ಮೆಸೇಜ್ ಮಾಡಿದ ಅರ್ಧ ಜನ "ಇದು ಎಲ್ಲಿ ಬರುತ್ತೆ?" ಅಂತ ಕೇಳಿದರು. ಪಕ್ಕದಲ್ಲೇ ಇರುವವರು ಎಲ್ಲಿ ಅಂತ ಯಾಕೆ ಕೇಳ್ತಾರೆ? ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ನನ್ನ ಕ್ಲಾಸ್ ಬಸ್ ನಿಲ್ದಾಣದ ಎದುರಿಗಿದೆ.

ಗಲ್ಲಿಜಾಹೀರಾತು

ಸರಿಯಾಗಿ ಹಿಡಿದಿರಿ. ಮೊದಲು "ಇಲ್ಲಿ ವಾಸ ಇರುವವರಿಗೆ ಮಾತ್ರ" ಅಂತ ಆರಿಸುವ ಅವಕಾಶ ಇತ್ತು. 2023ರಲ್ಲಿ ಅದನ್ನು ತೆಗೆದರು. ಈಗ ಆ ವೃತ್ತದಲ್ಲಿ ವಾಸ ಇರುವವರೂ ಸೇರ್ತಾರೆ, ಇತ್ತೀಚೆಗೆ ಅಲ್ಲಿಗೆ ಬಂದು ಹೋದವರೂ ಸೇರ್ತಾರೆ. ನಿಲ್ದಾಣ, ಮಾರುಕಟ್ಟೆ, ದೊಡ್ಡ ಆಸ್ಪತ್ರೆ ವೃತ್ತದೊಳಗಿದ್ದರೆ ದಾರಿಹೋಕರೆಲ್ಲ ನಿಮ್ಮ ಲೆಕ್ಕಕ್ಕೇ.

ಉಪಾಯ ಸುಲಭ. ಪಿನ್ನನ್ನು ಸೆಂಟರ್ ಮೇಲೆ ಚುಚ್ಚಬೇಡಿ, ಮಕ್ಕಳು ಎಲ್ಲಿಂದ ಬರ್ತಾರೋ ಅಲ್ಲಿ ಚುಚ್ಚಿ. ಸಂಜೆಪಾಠ ಮೇಡಂ, ನಿಮ್ಮ 28 ಮಕ್ಕಳ ಮನೆಗಳನ್ನು ಕಾಗದದ ಮೇಲೆ ಚುಕ್ಕೆ ಇಟ್ಟು ನೋಡಿ. ಯಾವ ಕಡೆ ಗುಂಪಾಗಿದೆ?

ಸಂಜೆಪಾಠ

ಇಟ್ಟೆ. ಆಶ್ಚರ್ಯ ಆಯಿತು. ನಾನು ಸುತ್ತಲಿಂದಲೂ ಬರ್ತಾರೆ ಅಂದುಕೊಂಡಿದ್ದೆ. 28ರಲ್ಲಿ 22 ಮನೆ ಪಶ್ಚಿಮಕ್ಕೇ ಇವೆ. ಪೂರ್ವಕ್ಕೆ ದೊಡ್ಡ ರಸ್ತೆ ಇದೆ, ಅದನ್ನು ದಾಟಿ ಸಂಜೆ ಹೊತ್ತು ಯಾರೂ ಮಕ್ಕಳನ್ನು ಕಳಿಸಲ್ಲ. ರಸ್ತೆ ಆಚೆಯಿಂದ ಬರುವವರು ಇಬ್ಬರೇ, ಅವರನ್ನೂ ಅಪ್ಪ ಗಾಡಿಯಲ್ಲಿ ತಂದು ಬಿಡ್ತಾರೆ.

ಗಲ್ಲಿಜಾಹೀರಾತು

ಹಾಗಾದರೆ ಪಿನ್ ಪಶ್ಚಿಮಕ್ಕೆ ಒಂದು ಕಿ.ಮೀ. ಸರಿಸಿ. ವೃತ್ತದ ಅಂಚು ದೊಡ್ಡ ರಸ್ತೆಯನ್ನು ಅಲ್ಪಸ್ವಲ್ಪ ದಾಟಿದರೆ ಪರವಾಗಿಲ್ಲ. ಬೂಸ್ಟ್ ಬಟನ್ನಿನಲ್ಲೇ ಇಷ್ಟು ಆಗುತ್ತೆ. ರಸ್ತೆ ಆಚೆಯ ಜಾಗವನ್ನು ಪೂರ್ತಿ ಕತ್ತರಿಸಿ ಹಾಕಬೇಕು ಅಂದರೆ Ads Manager ತೆರೆದು, ಅಲ್ಲಿ ಇನ್ನೊಂದು ಪಿನ್ ಚುಚ್ಚಿ ಅದನ್ನು ಬಿಡಿ ಅಂತ ಹೇಳಬೇಕಾಗುತ್ತೆ.

ಹೊಸಬ21

ಸರ್, ಆನ್‌ಲೈನ್ ಕ್ಲಾಸ್ ಮಾಡಿದರೆ ಈ ವೃತ್ತದ ಗೋಜೇ ಇಲ್ಲವಲ್ಲ? ದೇಶಕ್ಕೆಲ್ಲ ಹಾಕಬಹುದು.

ಸಂಜೆಪಾಠ

ಆನ್‌ಲೈನ್ ಅಲ್ಲ ಕಣಪ್ಪಾ, ಮಹಡಿ ಮೇಲೆ ಬೆಂಚು ಖಾಲಿ ಇದೆ, ಅದನ್ನು ತುಂಬಿಸಬೇಕು.

ಹೊಸಬ21

ಓ, ಸಾರಿ ಮೇಡಂ. ಹಾಗಾದರೆ ಮಕ್ಕಳಿಗೇ ನೇರ ತೋರಿಸಿದರೆ? 9ನೇ ತರಗತಿಯವರು ಇನ್‌ಸ್ಟಾಗ್ರಾಮಿನಲ್ಲೇ ಇರ್ತಾರೆ.

ಅಂಕಿಸಂಖ್ಯೆ

18 ತುಂಬದವರಿಗೆ ಜಾಹೀರಾತು ತೋರಿಸಲು ವಯಸ್ಸು ಮತ್ತು ಜಾಗ ಬಿಟ್ಟು ಬೇರೆ ಯಾವ ಗುರುತೂ ಬಳಸೋಕಾಗಲ್ಲ. ಅದಿರಲಿ, ಯಾವ ಹುಡುಗ ತಾನಾಗಿ ಬಂದು ನನ್ನನ್ನು ಟ್ಯೂಷನ್ನಿಗೆ ಸೇರಿಸು ಅಂತಾನೆ?

ಮೂಲೆಮನೆ

ನಾನು ಟ್ಯೂಷನ್ ನಡೆಸುವವಳಲ್ಲ, ಮಗನಿಗೆ ಟ್ಯೂಷನ್ ಹುಡುಕುತ್ತಿರುವವಳು. ಆ ಕಡೆಯಿಂದ ಒಂದು ಮಾತು. "ನಿಮ್ಮ ಮಗುವಿನ ಉಜ್ವಲ ಭವಿಷ್ಯಕ್ಕೆ" ಅಂತ ಶುರುವಾಗುವುದನ್ನೆಲ್ಲ ನಾನು ಓದದೇ ಮೇಲೆ ತಳ್ತೀನಿ. ನನಗೆ ಬೇಕಾದ್ದು ಮೂರೇ: ಎಷ್ಟು ಗಂಟೆಗೆ ಬಿಡ್ತೀರಿ, ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ನಮ್ಮ ಮನೆಯಿಂದ ಎಷ್ಟು ದೂರ. ಕತ್ತಲಾದ ಮೇಲೆ ಬಿಡ್ತೀರಿ ಅಂದರೆ ನನಗೆ ಬೇಡ.

ಸಂಜೆಪಾಠ

ಅಯ್ಯೋ, ನನ್ನ ಪೋಸ್ಟ್ ಶುರುವಾಗಿದ್ದೇ ಆ ಸಾಲಿನಿಂದ. ಚಿತ್ರ ಕೂಡ ಎಲ್ಲಿಂದಲೋ ತೆಗೆದದ್ದು, ಪದವಿ ಟೋಪಿ ಎಸೆಯುತ್ತಿರುವ ಹುಡುಗರು. ಈಗ ಹೀಗೆ ತಿದ್ದಿದ್ದೀನಿ:

"ನೀರಿನ ಟ್ಯಾಂಕ್ ಹಿಂದಿನ ಬೀದಿ, ಎರಡನೇ ಮಹಡಿ. 7, 8, 9ನೇ ತರಗತಿಗೆ ಗಣಿತ ಮತ್ತು ವಿಜ್ಞಾನ. ಸಂಜೆ 4:45ಕ್ಕೆ ಶುರು, 6:15ಕ್ಕೆ ಬಿಡುತ್ತೇವೆ. ಬ್ಯಾಚಿಗೆ 12 ಮಕ್ಕಳು, ಈಗ 10 ಜಾಗ ಖಾಲಿ. ಎರಡು ದಿನ ಬಂದು ಕೂತು ನೋಡಿ, ಆಮೇಲೆ ಸೇರಿಸಿ."

ಚಿತ್ರಕ್ಕೆ ನಮ್ಮ ಕರಿಹಲಗೆಯ ಫೋಟೋ. ಮೊನ್ನೆ ಭಿನ್ನರಾಶಿ ಭಾಗಾಕಾರದಲ್ಲಿ ಮಕ್ಕಳು ಮಾಡಿದ ತಪ್ಪು, ಅದರ ಪಕ್ಕದಲ್ಲಿ ಸರಿ ಉತ್ತರ. ಮಕ್ಕಳ ಮುಖ ಹಾಕಿಲ್ಲ, ಮನೆಯವರನ್ನು ಕೇಳಬೇಕಾಗುತ್ತೆ.

ಮೂಲೆಮನೆ

ಇದಾದರೆ ನಾನು ನಿಂತು ಓದ್ತೀನಿ. ತಪ್ಪು ಲೆಕ್ಕದ ಫೋಟೋ ಒಳ್ಳೇದು. ನನ್ನ ಮಗನೂ ಅದೇ ತಪ್ಪು ಮಾಡ್ತಾನೆ.

ಗಲ್ಲಿಜಾಹೀರಾತು

ನೀರಿನ ಟ್ಯಾಂಕ್ ಅನ್ನೋ ಎರಡು ಪದ ಹತ್ತು ಆಸಕ್ತಿಗಳ ಕೆಲಸ ಮಾಡುತ್ತೆ ನೋಡಿ. ಅದು ಎಲ್ಲಿದೆ ಅಂತ ಗೊತ್ತಿಲ್ಲದವರು ಮೆಸೇಜ್ ಮಾಡಲ್ಲ.

ಇನ್ನು ಗುರಿ. Get more messages ಆರಿಸಿ, ವಾಟ್ಸ್ಆ್ಯಪ್‌ಗೆ ಜೋಡಿಸಿ. ಇದರಲ್ಲೊಂದು ತೊಡಕು ಇದೆ. ಜನ ಬಟನ್ ಒತ್ತಿದಾಗ ಮೆಸೇಜ್ ಪೆಟ್ಟಿಗೆಯಲ್ಲಿ ಮೊದಲೇ ಬರೆದಿಟ್ಟ ಒಂದು ಸಾಲು ಇರುತ್ತೆ, "ಇದರ ಬಗ್ಗೆ ಇನ್ನಷ್ಟು ತಿಳಿಸಿ" ಅನ್ನೋ ಥರ. ಅದನ್ನು ಹಾಗೇ ಕಳಿಸಿ ಮಾಯವಾಗುವವರು ಬಹಳ. ಅಷ್ಟಕ್ಕೇ ಅದು ಒಂದು ಸಂಭಾಷಣೆ ಅಂತ ಲೆಕ್ಕಕ್ಕೆ ಹಿಡಿಯುತ್ತೆ. ಆ ಸಾಲನ್ನು "ನನ್ನ ಮಗು ಓದುತ್ತಿರುವ ತರಗತಿ:" ಅಂತ ಬದಲಾಯಿಸಿ. ತುಂಬಬೇಕಾದ ಜಾಗ ಕಂಡರೆ ನಿಜವಾಗಿ ಬೇಕಾದವರು ತುಂಬ್ತಾರೆ. ಆಟಕ್ಕೆ ಒತ್ತಿದವರು ಅಲ್ಲೇ ಬಿಟ್ಟು ಹೋಗ್ತಾರೆ.

ಐಫೋನ್ ಇದ್ದರೆ ಆ್ಯಪ್ ಒಳಗಿಂದ ಬೂಸ್ಟ್ ಮಾಡಬೇಡಿ. ಅಲ್ಲಿ ಆಪಲ್‌ನ ಶೇ. 30 ಸೇವಾಶುಲ್ಕ ಮೇಲೆ ಬೀಳುತ್ತೆ. ಅದೇ ಫೋನಿನ ಬ್ರೌಸರಿನಲ್ಲಿ facebook.com ತೆರೆದು ಮಾಡಿದರೆ ಬೀಳಲ್ಲ.

ಅಂಕಿಸಂಖ್ಯೆ

ದುಡ್ಡಿನ ಮಾತು ಯಾರೂ ಆಡಲಿಲ್ಲ. ಫೀಸನ್ನೇ ಅಳತೆ ಮಾಡಿಕೊಳ್ಳಿ. ಒಂದು ಮಗು ಸೇರಿದರೆ ಸಾಮಾನ್ಯವಾಗಿ ಎಷ್ಟು ತಿಂಗಳು ಇರುತ್ತೆ?

ಸಂಜೆಪಾಠ

ವರ್ಷದ ಮಧ್ಯೆ ಸೇರಿದರೆ ಏಳೆಂಟು ತಿಂಗಳು.

ಅಂಕಿಸಂಖ್ಯೆ

ಏಳು ಅಂತಿಟ್ಟುಕೊಳ್ಳೋಣ. ಹಾಗಾದರೆ ಒಂದು ಮಗುವನ್ನು ತರೋಕೆ ಒಂದು ತಿಂಗಳ ಫೀಸು ಖರ್ಚಾದರೂ ನಷ್ಟ ಇಲ್ಲ, ಬೆಂಚು ಹೇಗೂ ಖಾಲಿ ಇದೆ. ಮೂರು ಫೀಸಿನಷ್ಟು ತೆಗೆದಿಡಿ. ಎರಡನ್ನು ಈಗ ಹತ್ತು ದಿನಕ್ಕೆ ಹಂಚಿ, ಒಂದನ್ನು ಮುಟ್ಟಬೇಡಿ. ಮೂರು ಮಕ್ಕಳೂ ಸೇರದಿದ್ದರೆ ತಪ್ಪು ಎಲ್ಲಿದೆ ಅಂತ ನೋಡಬೇಕೇ ಹೊರತು ಉಳಿದ ದುಡ್ಡನ್ನೂ ಸುರಿಯಬಾರದು. ಒಂದು ನೋಟ್‌ಬುಕ್ ಇಡಿ: ಮೆಸೇಜ್ ಮಾಡಿದವರು, ಉತ್ತರ ಕೊಟ್ಟವರು, ಬಂದು ಕೂತವರು, ಸೇರಿದವರು. ಫೇಸ್‌ಬುಕ್ ನಿಮಗೆ ಮೊದಲನೆಯದನ್ನು ಮಾತ್ರ ತೋರಿಸುತ್ತೆ.

ರೀಚ್‌ರಾಜ

28 ಮಕ್ಕಳ ಮನೆಯವರ ನಂಬರ್ ಇದೆಯಲ್ಲ, ಅದನ್ನು ಹಾಕಿ ಅವರಂಥವರನ್ನೇ ಹುಡುಕು ಅಂತ ಲುಕಲೈಕ್ ಮಾಡಿಸಬಹುದಲ್ವಾ?

ಗಲ್ಲಿಜಾಹೀರಾತು

ಲುಕಲೈಕ್‌ಗೆ ಒಂದೇ ದೇಶದ ಕನಿಷ್ಠ 100 ಜನ ಹೊಂದಿಕೆಯಾಗಬೇಕು, 28 ಸಾಲದು. ಸಾಲಿದರೂ ಅದು ದೇಶದಲ್ಲೆಲ್ಲ ಹುಡುಕಿ ತಂದ ಗುಂಪು. ಅದನ್ನು ನಮ್ಮ ಎಂಟು ಚದರ ಕಿ.ಮೀ.ಗೆ ಕತ್ತರಿಸಿದರೆ ಏನೂ ಉಳಿಯಲ್ಲ. ಮತ್ತೆ ಅವರು ನಂಬರ್ ಕೊಟ್ಟದ್ದು ಮಗು ಬಂತಾ ಇಲ್ಲವಾ ಅಂತ ತಿಳಿಸೋಕೆ, ಜಾಹೀರಾತಿಗಲ್ಲ.

ಸಂಜೆಪಾಠ

ಸರಿ, ನಾಳೆ ಶುರು ಮಾಡ್ತೀನಿ. ಮುಗಿದ ಮೇಲೆ ಬಂದು ಹೇಳ್ತೀನಿ.

*ಹನ್ನೆರಡು ದಿನಗಳ ನಂತರ*

ಸಂಜೆಪಾಠ

ಹತ್ತು ದಿನ ಮುಗಿಯಿತು. ನೋಟ್‌ಬುಕ್ ಎದುರಿಗಿಟ್ಟುಕೊಂಡು ಬರೀತಿದ್ದೀನಿ.

5,900 ಜನಕ್ಕೆ ತೋರಿಸಿದೆ, ಒಟ್ಟು 18,300 ಸಲ. ಲೈಕು 31, ಯಾರಿಗೂ ಹೇಳೋ ಹಾಗಿಲ್ಲ. ಮೆಸೇಜ್ ಮಾಡಿದವರು 23. ಅವರಲ್ಲಿ 9 ಜನ ಆ ಸಾಲನ್ನು ಖಾಲಿಯೇ ಕಳಿಸಿ ಆಮೇಲೆ ಉತ್ತರಿಸಲಿಲ್ಲ. ಉಳಿದ 14ರಲ್ಲಿ ಇಬ್ಬರ ಮಕ್ಕಳು ಇನ್ನೂ 3ನೇ ತರಗತಿ, ಒಬ್ಬರ ಮನೆ ದೂರ. ಹನ್ನೊಂದು ನಿಜವಾದವರು. ಏಳು ಮಕ್ಕಳು ಬಂದು ಕೂತರು, ನಾಲ್ಕು ಸೇರಿದರು. ಎರಡು ಫೀಸಿಗೆ ನಾಲ್ಕು ಮಕ್ಕಳು.

ಒಂದು ತಪ್ಪು ನನ್ನದು. ಮೂರನೇ ದಿನ ಪಾಠದ ಹೊತ್ತಿನಲ್ಲಿ ಬಂದ ನಾಲ್ಕು ಮೆಸೇಜಿಗೆ ರಾತ್ರಿ ಹತ್ತಕ್ಕೆ ಉತ್ತರಿಸಿದೆ. ಆ ನಾಲ್ವರಲ್ಲಿ ಒಬ್ಬರೂ ಬರಲಿಲ್ಲ. ಮಾರನೇ ದಿನದಿಂದ ಸಂಜೆ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವರು ಟೈಪ್ ಮಾಡಲ್ಲ, ನೇರ ಫೋನ್ ಮಾಡಿ ಮಾತಾಡ್ತಾರೆ. ಅದೇ ಹೆಚ್ಚು ನಡೆಯಿತು.

ಗಲ್ಲಿಜಾಹೀರಾತು

ಮೆಸೇಜುಗಳು ಯಾವ ಯಾವ ದಿನ ಬಂದವು?

ಸಂಜೆಪಾಠ

ಮೊದಲ ಆರು ದಿನದಲ್ಲಿ 19, ಕೊನೆಯ ನಾಲ್ಕು ದಿನದಲ್ಲಿ ಬರೀ 4.

ಗಲ್ಲಿಜಾಹೀರಾತು

ಅಲ್ಲಿಗೆ ಬಾವಿ ಬತ್ತಿತು. 18,300ನ್ನು 5,900ರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ಸರಾಸರಿ ಮೂರು ಸಲ ತೋರಿಸಿದೆ. ಬೇಕಾದವರು ಮೊದಲ ಎರಡು ಸಲದಲ್ಲೇ ಮೆಸೇಜ್ ಮಾಡಿದ್ದಾರೆ, ಉಳಿದವರಿಗೆ ನಾಲ್ಕನೇ ಸಲ ತೋರಿಸಿದರೂ ಬೇಡವೇ. ಮುಂದಿನ ಸಲ ಆರೇ ದಿನ ಸಾಕು. ಉಳಿಸಿದ ಒಂದು ಫೀಸನ್ನು ಈಗ ಮುಟ್ಟಬೇಡಿ. ಪರೀಕ್ಷೆಯ ಅಂಕ ಮನೆಗೆ ಬರುವ ವಾರಕ್ಕೆ ಇಡಿ, ಬೇರೆ ಫೋಟೋ ಹಾಕಿ.

ಅಂಕಿಸಂಖ್ಯೆ

ನಾಲ್ಕೂ ಬೂಸ್ಟಿನಿಂದಲೇ ಬಂದವು ಅಂತ ಹೇಗೆ ಹೇಳ್ತೀರಿ?

ಸಂಜೆಪಾಠ

ಕೇಳಿದೆ. ಇಬ್ಬರು ಪೋಸ್ಟ್ ನೋಡಿಯೇ ಬಂದದ್ದು. ಒಬ್ಬರು ಪೋಸ್ಟ್ ನೋಡಿದ್ದರಂತೆ, ಆದರೆ ಕೆಳಗಿನ ಮನೆಯವರ ಮಗಳು ನನ್ನ ಹತ್ತಿರ ಬರೋದರಿಂದ ಅವರನ್ನು ಕೇಳಿ ಆಮೇಲೆ ಬಂದರು. ಇನ್ನೊಬ್ಬರು ಪೋಸ್ಟನ್ನು ತಂಗಿ ಕಳಿಸಿದ್ದು ಅಂದರು. ತಂಗಿಗೆ ವಯಸ್ಸು 27.

ಅಂಕಿಸಂಖ್ಯೆ

ನೋಡಿ, ಚಿಕ್ಕಮ್ಮ ಬಂದಳು! ವಯಸ್ಸಿನ ಬೇಲಿ ದಾಟಿ.

ಗಲ್ಲಿಜಾಹೀರಾತು

ಬೇಲಿ ಒಳಗಿದ್ದ ಯಾರೋ ಅವಳಿಗೆ ಕಳಿಸಿರಬೇಕು. ಆದರೂ ಈ ಸಲ ನಿಮ್ಮದೇ ಮೇಲುಗೈ ಅಂತಿಟ್ಟುಕೊಳ್ಳಿ. ಮುಂದಿನ ಆರು ದಿನಕ್ಕೆ Advantage+ ಆನ್ ಮಾಡಿ, ಅದೇ ಪಿನ್, ಅದೇ ವೃತ್ತ ಇಟ್ಟು ನೋಡೋಣ. ಆದರೆ ಫೋಟೋನೂ ಬೇರೆ, ವಾರವೂ ಬೇರೆ. ಹೆಚ್ಚು ಬಂದರೆ ಯಾವುದರಿಂದ ಬಂತು ಅಂತ ಆಗಲೂ ನಾವಿಬ್ಬರೂ ಜಗಳ ಆಡ್ತೀವಿ.

ಬಣ್ಣದಡಬ್ಬಿ

ನಾನೂ ಪಿನ್ ಸರಿಸಿದೆ, ನಿಲ್ದಾಣದಿಂದ ದೂರಕ್ಕೆ. "ಎಲ್ಲಿ ಬರುತ್ತೆ" ಅಂತ ಕೇಳುವವರು ಕಡಿಮೆ ಆದರು. ಈಗ "ದೊಡ್ಡವರಿಗೂ ಕಲಿಸ್ತೀರಾ" ಅಂತ ಕೇಳ್ತಿದ್ದಾರೆ. ಅದಕ್ಕೆ ಬೇರೆ ಪೋಸ್ಟ್ ಮಾಡಬೇಕಾ ಅಥವಾ ಇದರಲ್ಲೇ ಒಂದು ಸಾಲು ಸೇರಿಸಿದರೆ ಆಗುತ್ತಾ?

ಮೂಲೆಮನೆ

ಸಂಜೆಪಾಠ ಮೇಡಂ, ಎರಡನೇ ಫೋಟೋಗೆ ಬೀಜಗಣಿತದಲ್ಲಿ ಮೈನಸ್ ಚಿಹ್ನೆ ಬಿಟ್ಟುಹೋಗುವ ತಪ್ಪು ಹಾಕಿ. ಎಲ್ಲರ ಮನೆಯಲ್ಲೂ ಅದೇ ಗಲಾಟೆ.